ಅಂಗಡಿಯಲ್ಲಿ ಆಹಾರ, ರಸ್ತೆಯಲ್ಲಿ ಮಾದಕ

ಜಟಾಮಾಂಸಿ, ವಲೇರಿಯನ್ ಬೇರುಗಳನ್ನು ನಮಗೆ ಮಾರುವವರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾರೆ. ಇದು ನಿದ್ದೆ ತರಿಸುತ್ತದೆ ಎಂಬುದು ಮೊದಲನೆಯದು. ಇದರಿಂದ ಯಾವ ಅಪಾಯವೂ ಇಲ್ಲ ಎಂಬುದು ಎರಡನೆಯದು. ಈ ಎರಡೂ ಮಾತುಗಳನ್ನು ಒಟ್ಟಿಗೆ ನಂಬಬೇಕಾದರೆ, ಮನುಷ್ಯನ ಎಚ್ಚರವನ್ನು ಕುಂದಿಸುವ ಒಂದು ವಸ್ತು ಹಾಸಿಗೆಯಲ್ಲಿ ಮಾತ್ರ ಕೆಲಸ ಮಾಡಿ, ಬೆಳಗ್ಗೆ ಕಾರಿನ ಬಾಗಿಲು ತೆಗೆದೊಡನೆ ಸಭ್ಯವಾಗಿ ಇಳಿದುಹೋಗುತ್ತದೆ ಎಂದು ನಂಬಬೇಕಾಗುತ್ತದೆ. ಹೀಗೆ ನಂಬುವವರು ಅವಿದ್ಯಾವಂತರಲ್ಲ. ನಮ್ಮ ಸಂಘಗಳ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತ ಇಂಜಿನಿಯರುಗಳು, ಪ್ರಾಧ್ಯಾಪಕರು ಇದನ್ನು ಅಷ್ಟೇ ದೃಢವಾಗಿ ನಂಬುತ್ತಾರೆ. ನಾನೂ ಬಹುಕಾಲ ನಂಬಿದ್ದೆ. ಕಳೆದ ಚಳಿಗಾಲದಲ್ಲಿ ನನ್ನ ಗೆಳತಿಯೊಬ್ಬಳ ಕಾರು 880 ಹೆದ್ದಾರಿಯಲ್ಲಿ ಮುಂದಿನ ವಾಹನಕ್ಕೆ ಗುದ್ದುವವರೆಗೆ.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಳು. ವಯಸ್ಸು ನಲವತ್ತನಾಲ್ಕು. ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಕೆಲಸ ಸ್ಯಾನ್ ಹೋಸೆಯಲ್ಲಿ. ವಾರದಲ್ಲಿ ಮೂರು ರಾತ್ರಿ ಬೆಂಗಳೂರಿನ ತಂಡದೊಡನೆ ಸಭೆ. ನಮ್ಮ ಮಧ್ಯರಾತ್ರಿ ಅವರ ಮಧ್ಯಾಹ್ನವಾದ್ದರಿಂದ ಈ ಹೊತ್ತು ಕಂಪನಿಗೆ ಅನುಕೂಲ. ಎರಡು ವರ್ಷ ಹೀಗೆ ನಡೆದ ಮೇಲೆ ನಿದ್ದೆ ಅವಳನ್ನು ಬಿಟ್ಟುಹೋಯಿತು. ವೈದ್ಯರು ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆಯನ್ನು 5 ಮಿಲಿಗ್ರಾಂ ಪ್ರಮಾಣದಲ್ಲಿ, ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಡ ಎಂದು ಹೇಳಿ ಬರೆದುಕೊಟ್ಟರು. ಮೈಸೂರಿನಲ್ಲಿರುವ ಅವಳ ತಾಯಿ ಇದನ್ನು ಕೇಳಿ ಗಾಬರಿಯಾದರು. "ಮಾತ್ರೆ ಅಭ್ಯಾಸ ಆಗ್ಬಿಡುತ್ತೆ ಕಣೇ, ಬೇರು ತಗೋ, ನಮ್ಮ ಕಾಲದಿಂದ ಇರೋದು" ಎಂದು ಬರುವವರ ಕೈಯಲ್ಲಿ ಗ್ರಂಧಿಗೆ ಅಂಗಡಿಯ ಜಟಾಮಾಂಸಿ ಪುಡಿಯನ್ನು ಕಳುಹಿಸಿಕೊಟ್ಟರು. ಅದೇ ಪೆಟ್ಟಿಗೆಯಲ್ಲಿ ಭಾವಮೈದುನ ತಂದ 10 ಮಿಲಿಗ್ರಾಂ ಜೋಲ್ಪಿಡೆಮ್‌ನ ಒಂದು ಪಟ್ಟಿಯೂ ಬಂದಿತ್ತು. ಇಲ್ಲಿನ ಮಾತ್ರೆ ಮುಗಿದರೆ ಇರಲಿ ಎಂದು.

ಅಪಘಾತದ ಹಿಂದಿನ ರಾತ್ರಿ ಏನೇನು ನಡೆಯಿತು ಎಂಬುದನ್ನು ಅವಳು ಆಮೇಲೆ ಒಂದು ಹಾಳೆಯಲ್ಲಿ ಬರೆದಳು. ಒಂಬತ್ತೂವರೆಗೆ ಹಾಲಿನಲ್ಲಿ ಒಂದು ಚಮಚ ಜಟಾಮಾಂಸಿ. ಸಭೆ ಹನ್ನೆರಡೂಕಾಲಿಗೆ ಮುಗಿಯಿತು. ನಿದ್ದೆ ಬರಲಿಲ್ಲ. ಅಂಗಡಿಯಿಂದ ತಂದಿದ್ದ ವಲೇರಿಯನ್ ಕ್ಯಾಪ್ಸೂಲ್ ಎರಡು. ಹದಿನೈದು ನಿಮಿಷ ಕಾದರೂ ಬರಲಿಲ್ಲ. ಆಗ, ಅಂದರೆ ಹನ್ನೆರಡೂಮುಕ್ಕಾಲಿಗೆ, ಕೈಗೆ ಸಿಕ್ಕ ಬೆಂಗಳೂರಿನ ಮಾತ್ರೆ. ಆರು ಗಂಟೆಗೆ ಅಲಾರಂ. ಆರೂಮುಕ್ಕಾಲಿಗೆ ಅವಳು ಕಾರಿನಲ್ಲಿದ್ದಳು. "ನನಗೆ ನಿದ್ದೆಗಣ್ಣು ಅನ್ನಿಸಲೇ ಇಲ್ಲ" ಎಂದು ಇಂದಿಗೂ ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಮುಂದೆ ತೋಟಗೆಲಸದವರ ಪಿಕಪ್ ಒಂದು, ಹಿಂಬದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ಹೊತ್ತು, ದಟ್ಟಣೆಯಲ್ಲಿ ನಿಧಾನವಾಯಿತು. ಇವಳ ಕಾಲು ಬ್ರೇಕಿನ ಮೇಲೆ ಬಂದದ್ದು ತಡವಾಗಿ. ಪಿಕಪ್ ಓಡಿಸುತ್ತಿದ್ದವನ ಕೊರಳೆಲುಬು ಮುರಿಯಿತು. ದಿನಗೂಲಿಯ ಮನುಷ್ಯ. ಏಳು ವಾರ ಕೈ ಎತ್ತಲಾಗದೆ ಕುಳಿತ. ನಾವು ನಿದ್ದೆಯ ಬೇರುಗಳ ಬಗ್ಗೆ ಚರ್ಚಿಸುವಾಗ ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡೇ ಚರ್ಚಿಸಬೇಕು ಎಂಬುದು ನನ್ನ ಹಟ.

ಮೊದಲು ಮಾತ್ರೆಯ ಲೆಕ್ಕ ನೋಡೋಣ. ಜೋಲ್ಪಿಡೆಮ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸರಾಸರಿ ಎರಡೂವರೆ ಗಂಟೆ ಬೇಕು. ವೈದ್ಯರು ಹೇಳಿದಂತೆ 5 ಮಿಲಿಗ್ರಾಂ ಅನ್ನು ಹತ್ತೂವರೆಗೆ ನುಂಗಿದ್ದರೆ, ಆರೂಮುಕ್ಕಾಲಿಗೆ ಎಂಟೂಕಾಲು ಗಂಟೆ ಕಳೆದಿರುತ್ತಿತ್ತು. ದೇಹದಲ್ಲಿ ಹತ್ತರಲ್ಲೊಂದು ಭಾಗ, ಅಂದರೆ ಸುಮಾರು ಅರ್ಧ ಮಿಲಿಗ್ರಾಂ ಉಳಿದಿರುತ್ತಿತ್ತು. ಅವಳು ನುಂಗಿದ್ದು 10 ಮಿಲಿಗ್ರಾಂ, ಕಳೆದದ್ದು ಆರೇ ಗಂಟೆ. ಐದರಲ್ಲೊಂದು ಭಾಗಕ್ಕೆ ಹತ್ತಿರ, ಹೆಚ್ಚುಕಡಿಮೆ 1.9 ಮಿಲಿಗ್ರಾಂ ಇನ್ನೂ ಒಳಗಿತ್ತು. ವೈದ್ಯರ ಲೆಕ್ಕಕ್ಕಿಂತ ನಾಲ್ಕು ಪಟ್ಟು. ಇದು ಒರಟು ಲೆಕ್ಕವೇ ಹೌದು. ಕೆಲವರ ದೇಹ ಬೇಗ ಕರಗಿಸುತ್ತದೆ, ಕೆಲವರದು ನಿಧಾನವಾಗಿ. ಹೆಂಗಸರದು ಸಾಮಾನ್ಯವಾಗಿ ನಿಧಾನ. 2013ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದು ಈ ಕಾರಣಕ್ಕೆ. 10 ಮಿಲಿಗ್ರಾಂ ನುಂಗಿ ಎಂಟು ಗಂಟೆ ಕಳೆದ ಮೇಲೂ ನೂರಕ್ಕೆ ಹದಿನೈದು ಹೆಂಗಸರ ರಕ್ತದಲ್ಲಿ, ವಾಹನ ನಡೆಸುವ ಶಕ್ತಿಯನ್ನು ಕುಂದಿಸಬಹುದಾದಷ್ಟು ಔಷಧ ಉಳಿದಿತ್ತು. ಗಂಡಸರಲ್ಲಿ ಇದು ನೂರಕ್ಕೆ ಮೂರು. ಆ ಸಂಸ್ಥೆ ಹೇಳಿದ ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ: ಹೀಗೆ ಕುಂದಿದವರಿಗೆ ತಾವು ಪೂರ್ತಿ ಎಚ್ಚರವಾಗಿದ್ದೇವೆ ಎಂದೇ ಅನ್ನಿಸುತ್ತಿರಬಹುದು. "ನಿದ್ದೆಗಣ್ಣು ಅನ್ನಿಸಲೇ ಇಲ್ಲ" ಎಂಬ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಕಾಫಿ ಕುಡಿದು ಕಿಟಕಿ ಇಳಿಸಿದರೆ ಕಣ್ಣು ತೆರೆದಿರುತ್ತದೆ, ಅಷ್ಟೆ. ರಕ್ತದಲ್ಲಿರುವುದು ಅಲ್ಲೇ ಇರುತ್ತದೆ. ದಾಟಿಬಂದ ತಿರುವು ನೆನಪಿಗೆ ಬಾರದಿರುವುದು, ಲೇನಿನ ಗೆರೆಯ ಮೇಲೆ ಚಕ್ರ ಗಡಗಡ ಎನ್ನುವುದು, ಮುಂದಿನ ಕಾರಿನ ಕೆಂಪು ದೀಪ ಕಂಡರೂ ಕಾಲು ಒಂದು ಕ್ಷಣ ಹಿಂದುಳಿಯುವುದು, ಇವು ನಂಬಬೇಕಾದ ಸಾಕ್ಷ್ಯಗಳು.

"ಹಾಗಾದರೆ ತಪ್ಪು ಮಾತ್ರೆಯದು, ಬೇರನ್ನು ಯಾಕೆ ಎಳೆಯುತ್ತೀರಿ?" ಎಂದು ನಮ್ಮ ಬಳಗದ ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ, ಉತ್ತರವೂ ಪ್ರಾಮಾಣಿಕವಾಗಿರಬೇಕು. ವಲೇರಿಯನ್ ಒಂದನ್ನೇ ಅಳತೆಯಲ್ಲಿ ತೆಗೆದುಕೊಂಡ ಆರೋಗ್ಯವಂತರ ಮೇಲೆ ಮರುದಿನ ಬೆಳಗ್ಗೆ ನಡೆಸಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಮಂಕು ಕಂಡಿಲ್ಲ. ವಲೇರಿಯನ್ ಯಕೃತ್ತಿನ ಕೆಲಸಕ್ಕೆ ಅಡ್ಡಬಂದು ಇತರ ಮಾತ್ರೆಗಳು ರಕ್ತದಲ್ಲಿ ಸೇರಿಕೊಳ್ಳುವಂತೆ ಮಾಡುತ್ತದೆಯೇ ಎಂದೂ ನೋಡಿದ್ದಾರೆ. ಹದಿನಾಲ್ಕು ರಾತ್ರಿ 1000 ಮಿಲಿಗ್ರಾಂನಂತೆ ಕೊಟ್ಟು, ಅಲ್ಪ್ರಜೋಲಾಮ್ ಮಾತ್ರೆಯೊಡನೆ ಅಳೆದಾಗ, ಚಿಂತೆಗೆ ಕಾರಣವಾಗುವಷ್ಟು ವ್ಯತ್ಯಾಸ ಸಿಗಲಿಲ್ಲ. ಈ ಫಲಿತಾಂಶಗಳನ್ನು ಮಾರಾಟಗಾರರು ಬಾವುಟದಂತೆ ಹಾರಿಸುತ್ತಾರೆ. ಆದರೆ ಅವು ಉತ್ತರಿಸುವುದು ಬೇರೆ ಪ್ರಶ್ನೆಗೆ. ಅಪಾಯ ಇರುವುದು ಯಕೃತ್ತಿನಲ್ಲಲ್ಲ, ಮಿದುಳಿನಲ್ಲಿ.

ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವೊಂದಿದೆ. ಅದು ನರಕೋಶದ ಮೇಲಿರುವ ಒಂದು ಗ್ರಾಹಕದಲ್ಲಿ ಕುಳಿತಾಗ ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗುವ ದಾರಿ ತೆರೆದುಕೊಂಡು, ಆ ಕೋಶ ಸುಲಭಕ್ಕೆ ಕೆರಳದಂತಾಗುತ್ತದೆ. ಜೋಲ್ಪಿಡೆಮ್, ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಮೊದಲಾದ ಮಾತ್ರೆಗಳೆಲ್ಲ ಇದೇ ಗ್ರಾಹಕದ ಒಂದು ಪಕ್ಕೆಯಲ್ಲಿ ಕುಳಿತು ಗಾಬಾದ ಕೆಲಸವನ್ನು ಹೆಚ್ಚಿಸುತ್ತವೆ. ವಲೇರಿಯನ್ ಬೇರಿನ ವಲೆರೆನಿಕ್ ಆಮ್ಲ ಅದೇ ಗ್ರಾಹಕದ ಬೇರೊಂದು ಕಡೆ ಕುಳಿತು ಅದೇ ಕೆಲಸ ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಜಾಗ ಬೇರೆಯಾದ್ದರಿಂದ ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ; ಎರಡೂ ಒಂದೇ ಬಾಗಿಲನ್ನು ಒಟ್ಟಿಗೆ ನೂಕುತ್ತವೆ. ರಕ್ತದಲ್ಲಿ ಮಾತ್ರೆಯ ಅಂಕಿ ಏರಿರುವುದಿಲ್ಲ, ಆದರೂ ಅದರ ಭಾರ ಏರಿರಬಹುದು. ಲೋರಾಜೆಪಾಮ್ ಸೇವಿಸುತ್ತಿದ್ದ ಒಬ್ಬ ವ್ಯಕ್ತಿ ತಾನಾಗಿಯೇ ವಲೇರಿಯನ್ ಮತ್ತು ಪ್ಯಾಷನ್ ಹೂವಿನ ಬಳ್ಳಿಯ ಔಷಧಿಯನ್ನು ಸೇರಿಸಿಕೊಂಡು, ಕೈ ನಡುಕ, ತಲೆಸುತ್ತು, ಸ್ನಾಯುಗಳ ಸೋಲು ಕಾಣಿಸಿಕೊಂಡ ವರದಿಯೊಂದು 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಒಂದು ವರದಿಯಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಪರೀಕ್ಷೆಗೆ ಒಳಗಾದವರು ಮಾತ್ರೆ ನುಂಗದ ಆರೋಗ್ಯವಂತರು, ನಮ್ಮ ಮನೆಗಳಲ್ಲಿ ಇವನ್ನು ನುಂಗುತ್ತಿರುವವರು ಮಾತ್ರೆಯನ್ನೂ ನುಂಗುತ್ತಿರುವವರು ಎಂಬ ಅಂತರವನ್ನು ಮುಚ್ಚಿಟ್ಟು "ಪರೀಕ್ಷೆಯಲ್ಲಿ ಏನೂ ಆಗಲಿಲ್ಲ" ಎನ್ನುವುದು ವಂಚನೆ.

ಜಟಾಮಾಂಸಿಯ ವಿಷಯದಲ್ಲಂತೂ ನಮಗಿರುವ ತಿಳಿವಳಿಕೆ ಇನ್ನೂ ತೆಳು. ಹೆಚ್ಚಿನದು ಇಲಿಗಳ ಮೇಲಿನದು. ಅಲ್ಲಿ ಅದು ಬಾರ್ಬಿಟ್ಯುರೇಟ್ ಕೊಟ್ಟು ಮಲಗಿಸಿದ ಪ್ರಾಣಿಯ ನಿದ್ದೆಯನ್ನು ಉದ್ದಮಾಡುತ್ತದೆ. ಈ ಒಂದು ಸಂಗತಿಯನ್ನೇ "ಪ್ರಾಚೀನ ಜ್ಞಾನಕ್ಕೆ ಆಧುನಿಕ ಪುರಾವೆ" ಎಂದು ಹಂಚುವವರು ತಾವು ಹಂಚುತ್ತಿರುವುದೇನೆಂದು ಓದಿಕೊಳ್ಳಬೇಕು. ಬೇರು ನಿದ್ರಾಜನಕದ ಮೇಲೆ ಕುಳಿತು ಅದನ್ನು ಬಲಪಡಿಸುತ್ತದೆ ಎಂಬುದೇ ಅಲ್ಲವೆ ಅದರ ಅರ್ಥ?

ಹೆಸರಿನ ಗೋಜಲೂ ಇದೆ. ನಾವು ಜಟಾಮಾಂಸಿ ಎನ್ನುವುದು ನಾರ್ಡೊಸ್ಟಾಕಿಸ್ ಜಟಾಮಾನ್ಸಿ. ಆಯುರ್ವೇದದ ತಗರಕ್ಕೆ, ಅಂದರೆ ಭಾರತೀಯ ವಲೇರಿಯನ್‌ಗೆ, ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ವಲೇರಿಯಾನಾ ಜಟಾಮಾನ್ಸಿ. ಪೊಟ್ಟಣದ ಮೇಲೆ ಬರಿಯ "ಜಟಾಮಾನ್ಸಿ" ಎಂದಿದ್ದರೆ ಒಳಗಿರುವುದು ಯಾವುದು ಎಂದು ಹೇಳುವವರು ಯಾರು? ಎರಡೂ ಯುರೋಪಿನ ವಲೇರಿಯನ್‌ನ ಹತ್ತಿರದ ಬಂಧುಗಳು. ನನ್ನ ಗೆಳತಿ ತಾನು ಎರಡು ಬೇರೆ ಬೇರೆ ಗಿಡಗಳನ್ನು ಹಗುರವಾಗಿ ಬೆರೆಸುತ್ತಿದ್ದೇನೆ ಎಂದುಕೊಂಡಿದ್ದಳು. ನಿಜದಲ್ಲಿ ಒಂದೇ ಮನೆತನದವರನ್ನು ಹಿಂದುಹಿಂದೆಯೇ ಕರೆದಿದ್ದಳು. ಇನ್ನು "ಅಜ್ಜಿ ಬಳಸುತ್ತಿದ್ದುದು" ಎಂಬ ವಾದ. ನನ್ನಜ್ಜಿಯೂ ಬಳಸುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ತಲೆಗೆ ಹಚ್ಚಲು. ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಅತಿಯಾಗಿ ಕಿತ್ತು ಅಳಿವಿನ ಅಂಚಿಗೆ ಬಂದಿರುವ ಆ ಬೇರು ಹಳೆ ಮೈಸೂರಿನ ಅಡುಗೆಮನೆಗೆ ಚೂರುಚೂರಾಗಿ ಬರುತ್ತಿತ್ತು. ಚಮಚಗಟ್ಟಲೆ ಹಾಲಿಗೆ ಬೆರೆಸಿ ಕುಡಿದು, ಮೇಲೊಂದು ಜೋಲ್ಪಿಡೆಮ್ ನುಂಗಿ, ಬೆಳಗ್ಗೆ ಗಂಟೆಗೆ ಅರವತ್ತೈದು ಮೈಲಿಯ ವೇಗದಲ್ಲಿ ಹೋಗುವ ಪರಂಪರೆ ಯಾವ ಅಜ್ಜಿಯದೂ ಅಲ್ಲ.

ಇಷ್ಟರಲ್ಲಿ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ. ವಲೇರಿಯನ್ ಕೆಲಸವನ್ನೇ ಮಾಡುವುದಿಲ್ಲ, ಮತ್ತೆ ಕೆಡುಕು ಎಲ್ಲಿಂದ ಎನ್ನುವವರು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2017ರಲ್ಲಿ ನಿದ್ರಾಹೀನತೆಗೆ ವಲೇರಿಯನ್ ಬಳಸದಿರುವಂತೆ ಸಲಹೆ ಕೊಟ್ಟಿದ್ದು ನಿಜ; ಪುರಾವೆ ಸಾಲದು ಎಂಬುದು ಅದರ ನೆಲೆ. ಆದರೆ ಅಪಾಯ ಹುಟ್ಟುವುದು ಅದರ ಈ ದುರ್ಬಲತೆಯಿಂದಲೇ. ಯುರೋಪಿನ ಔಷಧ ಸಂಸ್ಥೆಯ ಗಿಡಮೂಲಿಕೆ ಸಮಿತಿ ವಲೇರಿಯನ್‌ಗೆ ಮಾನ್ಯತೆ ಕೊಡುವಾಗಲೂ, ಅದರ ಪರಿಣಾಮ ನಿಧಾನವಾಗಿ ಬರುವಂಥದ್ದು, ಎರಡರಿಂದ ನಾಲ್ಕು ವಾರ ಸತತವಾಗಿ ತೆಗೆದುಕೊಳ್ಳಬೇಕು, ಆ ಕ್ಷಣದ ಉಪಶಮನಕ್ಕೆ ಅದು ಹೊಂದುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಶೀಶೆಯ ಮೇಲೆ ಚಂದ್ರ ನಕ್ಷತ್ರಗಳ ಚಿತ್ರ ಬರೆದವರು ಹೇಳುವುದು ಇಂದು ರಾತ್ರಿಯ ಮಾತು. ಇಂದು ರಾತ್ರಿ ಅದು ಬರುವುದಿಲ್ಲ. ಹದಿನೈದು ನಿಮಿಷ ಕಾದು, ಇನ್ನೆರಡು ನುಂಗಿ, ಆಮೇಲೆ ಡ್ರಾಯರಿನಲ್ಲಿರುವ ಮಾತ್ರೆಗೆ ಕೈ ಹೋಗುತ್ತದೆ. ಗೆಳತಿಯ ಹಾಳೆಯನ್ನು ಮತ್ತೊಮ್ಮೆ ಓದಿ: ನಡೆದಿರುವುದು ಇಷ್ಟೇ. ಬೇರು ಅವಳಿಂದ ಕಸಿದದ್ದು ಎರಡೂಕಾಲು ಗಂಟೆ. ಹತ್ತೂವರೆಗೆ ನುಂಗಬೇಕಾದ, ಏಳೆಂಟು ಗಂಟೆಯ ನಿದ್ದೆಗೆ ಸಮಯವಿದ್ದರೆ ಮಾತ್ರ ನುಂಗಬೇಕಾದ ಮಾತ್ರೆ ಹನ್ನೆರಡೂಮುಕ್ಕಾಲಿಗೆ ಹೋಯಿತು.

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಅಪಘಾತದ ಸ್ಥಳದಲ್ಲಿ ಅಧಿಕಾರಿ ಅವಳ ಉಸಿರು ಪರೀಕ್ಷಿಸಿದ. ಮದ್ಯ ಸೊನ್ನೆ. ಏನಾದರೂ ಸೇವಿಸಿದ್ದೀರಾ ಎಂದು ಕೇಳಿದ. ಮಾತ್ರೆಯ ಜೊತೆಗೆ ಬೇರುಗಳ ಹೆಸರನ್ನೂ ಹೇಳಿದಳು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 312ನೆಯ ಕಲಮು "ಡ್ರಗ್" ಎಂದರೇನೆಂದು ವಿವರಿಸುತ್ತದೆ. ಮದ್ಯವನ್ನು ಬಿಟ್ಟು, ನರಮಂಡಲ, ಮಿದುಳು ಅಥವಾ ಸ್ನಾಯುಗಳ ಮೇಲೆ ಪರಿಣಾಮ ಬೀರಿ ವಾಹನ ನಡೆಸುವ ಶಕ್ತಿಯನ್ನು ಗಣನೀಯವಾಗಿ ಕುಂದಿಸಬಲ್ಲ ಯಾವುದೇ ವಸ್ತು ಅಥವಾ ವಸ್ತುಗಳ ಮಿಶ್ರಣ ಅದರ ವ್ಯಾಪ್ತಿಗೆ ಬರುತ್ತದೆ. ಚೀಟಿಯಿಂದ ಬಂದದ್ದೋ, ಅಂಗಡಿಯಿಂದ ಬಂದದ್ದೋ, ಮೈಸೂರಿನಿಂದ ಬಂದದ್ದೋ ಎಂದು ಅದು ಕೇಳುವುದಿಲ್ಲ. ಅದನ್ನು ಸೇವಿಸಲು ನಿಮಗೆ ಕಾನೂನಿನ ಹಕ್ಕಿತ್ತು ಎಂಬುದೂ ರಕ್ಷಣೆಯಾಗುವುದಿಲ್ಲ. ಈ ಕಾನೂನನ್ನು ನಾನು ದೂರುವುದಿಲ್ಲ. ಮುರಿದ ಕೊರಳೆಲುಬಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ.

ದೂರು ಇರುವುದು ಇದರ ಇನ್ನೊಂದು ತುದಿಯ ಬಗ್ಗೆ. 1994ರ ಆಹಾರ ಪೂರಕಗಳ ಕಾಯಿದೆಯ ಪ್ರಕಾರ ಇದೇ ವಲೇರಿಯನ್ ಅಂಗಡಿಯ ಕಪಾಟಿನಲ್ಲಿರುವವರೆಗೆ ಔಷಧವಲ್ಲ, ಆಹಾರದ ಒಂದು ಬಗೆ. ಮಾರುಕಟ್ಟೆಗೆ ಬರುವ ಮೊದಲು ಅದು ಸುರಕ್ಷಿತವೆಂದೋ ಪರಿಣಾಮಕಾರಿಯೆಂದೋ ಎಫ್‌ಡಿಎ ಮುಂದೆ ಸಾಬೀತುಪಡಿಸಬೇಕಾಗಿಲ್ಲ. "ಸ್ವಂತ ಮಿಶ್ರಣ" ಎಂದು ಬರೆದುಕೊಂಡರೆ ಒಟ್ಟು ತೂಕ ಹೇಳಿದರೆ ಸಾಕು, ಒಳಗಿನ ಒಂದೊಂದು ಬೇರೂ ಎಷ್ಟೆಷ್ಟು ಎಂದು ಹೇಳಬೇಕಾಗಿಲ್ಲ. ಅದೇ ಕಪಾಟಿನ ಪಕ್ಕದ ಸಾಲಿನಲ್ಲಿ ಡೈಫೆನ್‌ಹೈಡ್ರಮಿನ್ ಎಂಬ, ಚೀಟಿಯಿಲ್ಲದೆ ಸಿಗುವ ನಿದ್ದೆ ಮಾತ್ರೆ ಇರುತ್ತದೆ. ಮದ್ಯದೊಡನೆ ಬೇಡ, ಶಮನಕಾರಿ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳಿ ಎಂಬ ಎಚ್ಚರಿಕೆಗಳನ್ನು ಅದರ ಡಬ್ಬಿಯ ಮೇಲೆ ಮುದ್ರಿಸುವುದು ಕಡ್ಡಾಯ. ವಲೇರಿಯನ್‌ಗೆ ಅಂಥ ನಿಗದಿತ ವಾಕ್ಯವೇ ಇಲ್ಲ. ಕೆಲವು ತಯಾರಕರು ತಾವಾಗಿ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಗೆಳತಿಯ ಶೀಶೆಯ ಮೇಲೆ ಇದ್ದದ್ದು ಗರ್ಭಿಣಿಯರಿಗೆ ಹೇಳುವ ಒಂದು ಸಾಲು ಮಾತ್ರ. ಅಂದರೆ ವಸ್ತು ಒಂದೇ. ಮಾರುವವನ ಕೈಯಲ್ಲಿರುವಾಗ ಆಹಾರ, ಕೊಂಡವಳು ರಸ್ತೆಗಿಳಿದಾಗ ಮಾದಕ. ಲಾಭ ಮೊದಲನೆಯ ವ್ಯಾಖ್ಯೆಗೆ ಸೇರುತ್ತದೆ, ಹೊಣೆ ಎರಡನೆಯದಕ್ಕೆ.

ಹೀಗೇ ಇರಬೇಕೆಂದೇನಿಲ್ಲ. ಬ್ರಿಟನ್ನಿನಲ್ಲಿರುವ ಓದುಗರು ತಮ್ಮ ಔಷಧದಂಗಡಿಯ ವಲೇರಿಯನ್ ಡಬ್ಬಿಯಲ್ಲಿ ಸಾಂಪ್ರದಾಯಿಕ ಗಿಡಮೂಲಿಕೆ ನೋಂದಣಿಯ ಗುರುತು ಇದ್ದರೆ ಒಳಗಿನ ಚೀಟಿಯನ್ನು ಬಿಡಿಸಿ ನೋಡಲಿ. ಮಂಪರು ಬಂದರೆ ವಾಹನ ನಡೆಸಬಾರದೆಂಬ ಮಾತು ಅಲ್ಲಿ ಇರುತ್ತದೆ. ಯುರೋಪಿನ ಸಮಿತಿಯ ಟಿಪ್ಪಣಿಯಲ್ಲೂ ಅದೇ ಮಾತಿದೆ. ಕೃತಕ ನಿದ್ರಾಜನಕಗಳ ಜೊತೆ ಬೆರೆಸುವುದಾದರೆ ವೈದ್ಯರ ಮೇಲ್ವಿಚಾರಣೆ ಬೇಕು ಎಂದೂ ಇದೆ. ಅದೇ ಗಿಡ, ಅದೇ ಬೇರು. ಅಟ್ಲಾಂಟಿಕ್ ದಾಟಿದೊಡನೆ ಅದಕ್ಕೆ ಬಾಯಿ ಕಟ್ಟುತ್ತದೆ. ಊರಿಂದ ಪೊಟ್ಟಣದಲ್ಲಿ ಬಂದ ಪುಡಿಗಂತೂ ಎಲ್ಲೂ ಬಾಯಿಯೇ ಇಲ್ಲ.

ನಮ್ಮ ಪ್ರಗತಿಪರ ಬಳಗಕ್ಕೆ ಇಲ್ಲೊಂದು ಮುಜುಗರದ ಪ್ರಶ್ನೆಯಿದೆ. ಔಷಧ ಕಂಪನಿಗಳ ದುರಾಸೆಯ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ಗಿಡಮೂಲಿಕೆಯ ವ್ಯಾಪಾರವೂ ಬಂಡವಾಳದ ವ್ಯಾಪಾರವೇ, ಅದೂ ಹೆಚ್ಚು ಸಡಿಲ ಕಾನೂನಿನಡಿ ನಡೆಯುವಂಥದ್ದು ಎಂದು ಹೇಳಲು ಮಾತ್ರ ನಾಲಗೆ ತಡವರಿಸುತ್ತದೆ. ಹೇಳಿದರೆ ವಸಾಹತುಶಾಹಿ ಮನಸ್ಸಿನವರು ಎನ್ನುತ್ತಾರೆಂಬ ಭಯ. ದೇಶೀ ಜ್ಞಾನಕ್ಕೆ ಗೌರವ ಕೊಡುವುದೆಂದರೆ ಅದು ಮಿದುಳಿನಲ್ಲಿ ಏನನ್ನಾದರೂ ಮಾಡಬಲ್ಲದು ಎಂದು ಒಪ್ಪುವುದು. ಒಪ್ಪಿದ ಮೇಲೆ ವೈದ್ಯರೆದುರು ಅದನ್ನೂ ಮಾತ್ರೆಯ ಸಾಲಿನಲ್ಲೇ ಹೆಸರಿಸಬೇಕಲ್ಲ? ಗೆಳತಿಯನ್ನು ವೈದ್ಯರು "ಬೇರೇನು ಔಷಧಿ ತೆಗೆದುಕೊಳ್ಳುತ್ತೀರಿ" ಎಂದು ಕೇಳಿದ್ದರು. "ಏನೂ ಇಲ್ಲ" ಎಂದಿದ್ದಳು. ಬೇರನ್ನು ಮುಚ್ಚಿಟ್ಟದ್ದಲ್ಲ, ಅದು ಔಷಧಿಯೆಂದು ಅವಳಿಗೆ ಹೊಳೆಯಲೇ ಇಲ್ಲ.

ಬೇಸಿಗೆಗೆಂದು ಮಕ್ಕಳ ಮನೆಗೆ ಬರುವ ತಂದೆತಾಯಂದಿರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರಲ್ಲಿ ಹಲವರ ಚೀಲದಲ್ಲಿ ಕ್ಲೋನಾಜೆಪಾಮ್ ಇರುತ್ತದೆ, ಎಷ್ಟೋ ವರ್ಷಗಳಿಂದ ದಿನವೂ ನುಂಗುತ್ತಿರುವುದು. ಅದರ ಪ್ರಮಾಣ ಅರ್ಧಕ್ಕಿಳಿಯಲು ಮೂವತ್ತರಿಂದ ನಲವತ್ತು ಗಂಟೆ ಬೇಕಾಗಬಹುದು. ನಿನ್ನೆಯದು ಇಳಿಯುವ ಮೊದಲೇ ಇಂದಿನದು ಸೇರುತ್ತದೆ. ಅವರಿಗೆ ಮಕ್ಕಳು ಅಕ್ಕರೆಯಿಂದ ವಲೇರಿಯನ್ ಚಹಾ ಮಾಡಿಕೊಟ್ಟರೆ ರಾತ್ರಿ ಬಚ್ಚಲಿಗೆ ಎದ್ದಾಗ ಕಾಲು ತೊಡರುತ್ತದೆ. ಅದಕ್ಕಿಂತ ಕೆಟ್ಟದ್ದು, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿ ಬದಲಿಗೆ ಬೇರನ್ನು ಕೊಡುವುದು. ಬಹುಕಾಲ ದಿನವೂ ನುಂಗಿದ ಇಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ವಾರಗಳ, ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವೇ ಇಳಿಸಬೇಕು, ವೈದ್ಯರ ಲೆಕ್ಕದಲ್ಲಿ. ವಲೇರಿಯನ್ ಆ ಜಾಗವನ್ನು ತುಂಬಲಾರದು.

ಗೆಳತಿ ಈಗ ಜೋಲ್ಪಿಡೆಮ್ ಬಿಟ್ಟಿದ್ದಾಳೆ. ಬೇರನ್ನೂ. ನಿದ್ದೆಯ ಹೊತ್ತು ಮತ್ತು ಅಭ್ಯಾಸಗಳನ್ನು ತಿದ್ದುವ, ಮಾತ್ರೆಯಿಲ್ಲದ ಒಂದು ಚಿಕಿತ್ಸೆಗೆ ಹೋಗುತ್ತಿದ್ದಾಳೆ; ಬಹುಕಾಲದ ನಿದ್ರಾಹೀನತೆಗೆ ಅಮೆರಿಕದ ವೈದ್ಯ ಸಂಘಗಳು ಮೊದಲು ಹೇಳುವುದು ಅದನ್ನೇ. ಮೂರನೆಯ ವಾರ ಚಿಕಿತ್ಸಕಿ ಅವಳ ರಾತ್ರಿಗಳ ಪಟ್ಟಿಯನ್ನು ನೋಡಿ, ವಾರಕ್ಕೆ ಮೂರು ದಿನ ಮಧ್ಯರಾತ್ರಿಯ ಸಭೆ ಇರುವವರೆಗೆ ಹೆಚ್ಚೇನೂ ನಿರೀಕ್ಷಿಸಬೇಡಿ ಎಂದರಂತೆ. ಸಭೆಯ ಹೊತ್ತನ್ನು ಬದಲಿಸಿ ಎಂದು ಅವಳು ಕಂಪನಿಗೆ ಪತ್ರ ಬರೆದಿದ್ದಾಳೆ. ಉತ್ತರಕ್ಕೆ ಕಾಯುತ್ತಿದ್ದಾಳೆ. ಕಚೇರಿಗೆ ಸದ್ಯ ರೈಲಿನಲ್ಲಿ ಹೋಗುತ್ತಿದ್ದಾಳೆ.